ಫೋಟೋದಲ್ಲಿ ಕಿಟಕಿಯ ಬಿಡಿಭಾಗ ಗುರುತಿಸುವುದು: ಸ್ಟೇ, ರೋಲರ್, ಫ್ರಿಕ್ಷನ್ ಹಿಂಜ್

ಮೇ ತಿಂಗಳು ಬಂತೆಂದರೆ ಮಂಗಳೂರು, ಉಡುಪಿ ಕಡೆ ಅಲ್ಯೂಮಿನಿಯಂ ಫಿಟ್ಟಿಂಗ್ ಕೆಲಸ ಮಾಡುವವರ ವಾಟ್ಸಾಪ್‌ಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ತುಕ್ಕು ಹಿಡಿದ ಒಂದು ಪಟ್ಟಿ, ಅದರ ಮೇಲೊಂದು ಸ್ಕ್ರೂ, ಹಿಂದೆಲ್ಲ ಮಸುಕು. ಕೆಳಗೆ ಒಂದೇ ಸಾಲು: "ಇದು ಉಂಟಾ ನಿಮ್ಮಲ್ಲಿ?"

ಉಂಟೋ ಇಲ್ಲವೋ ಹೇಳುವ ಮೊದಲು ಅದು ಏನು ಅಂತ ಗೊತ್ತಾಗಬೇಕಲ್ವಾ? ಕಳಿಸಿದವರಿಗೆ ತೊಂದರೆ ಕೊಡುತ್ತಿರುವುದು ಆ ತುಕ್ಕು, ಹಾಗಾಗಿ ಫೋಟೋ ತುಂಬ ತುಕ್ಕೇ ಇರುತ್ತದೆ. ಬಿಡಿಭಾಗದ ಹೆಸರು ಹೇಳಲು ಬೇಕಾದ ಗುರುತುಗಳು ಚೌಕಟ್ಟಿನ ಹೊರಗೆ ಉಳಿದುಬಿಡುತ್ತವೆ. ಹತ್ತಿರದ ಫೋಟೋದಿಂದ ಹೆಸರು ಹೇಗೆ ಪತ್ತೆ ಮಾಡುವುದು, ಹೆಸರಿನಿಂದ ದೋಷ ಹೇಗೆ ಹಿಡಿಯುವುದು ಅಂತ ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಮಾತು ಫ್ರಿಕ್ಷನ್ ಹಿಂಜ್ ಬಗ್ಗೆ. ಅತಿ ಹೆಚ್ಚು ತಪ್ಪು ಹೆಸರು ಬೀಳುವುದು ಅದಕ್ಕೇ.

ಮೊದಲು ಕಿಟಕಿ ಹೇಗೆ ತೆರೆಯುತ್ತದೆ ಕೇಳಿ

ಬಿಡಿಭಾಗದ ಆಕಾರ ನೋಡಿ ಹೆಸರು ಹೇಳಲು ಹೋಗಬೇಡಿ. ಅದು ಮಾಡುವ ಕೆಲಸ ಏನು ಅಂತ ನೋಡಿ. ಕಿಟಕಿಯಲ್ಲಿ ಮುಖ್ಯ ಕೆಲಸ ಮೂರು. ಒಂದು, ಶಟರ್‌ನ ಭಾರ ಹೊರುವುದು. ಎರಡು, ತೆರೆದ ಶಟರನ್ನು ಗಾಳಿಗೆ ಬಡಿಯದಂತೆ ಹಿಡಿದು ನಿಲ್ಲಿಸುವುದು. ಮೂರು, ಶಟರನ್ನು ಉರುಳಿಸಿಕೊಂಡು ಹೋಗುವುದು.

ಹಳೇ ಹಂಚಿನ ಮನೆಯ ಮರದ ಕಿಟಕಿಯಲ್ಲಿ ಭಾರ ಹೊರುವುದು ದಾರಂದಕ್ಕೆ ಬಡಿದ ಸಾಮಾನ್ಯ ಹಿಂಜ್. ಹಿಡಿದು ನಿಲ್ಲಿಸುವುದು ಕೊಕ್ಕೆ ಅಥವಾ ಸ್ಟೇ. ಸ್ಟೇ ಮುರಿದರೆ ಕಿಟಕಿ ಬಡಿಯುತ್ತದೆ, ಆದರೆ ಬೀಳುವುದಿಲ್ಲ. ಬದಿಗೆ ಜಾರುವ ಕಿಟಕಿಯಲ್ಲಿ ಭಾರ ಹೊರುವುದೂ ಉರುಳುವುದೂ ರೋಲರ್. ಅಲ್ಲಿ ಹಿಡಿದು ನಿಲ್ಲಿಸುವ ಪ್ರಶ್ನೆಯೇ ಇಲ್ಲ.

ಹೊರಕ್ಕೆ ತೆರೆಯುವ ಅಲ್ಯೂಮಿನಿಯಂ ಮತ್ತು ಯುಪಿವಿಸಿ ಕಿಟಕಿಗಳಲ್ಲಿ ಹೆಚ್ಚಾಗಿ ಫ್ರಿಕ್ಷನ್ ಹಿಂಜ್ ಇರುತ್ತದೆ. ಫ್ರಿಕ್ಷನ್ ಸ್ಟೇ ಅಂದರೂ ಇದೇ. ಭಾರ ಹೊರುವ ಕೆಲಸ, ಹಿಡಿದು ನಿಲ್ಲಿಸುವ ಕೆಲಸ ಎರಡನ್ನೂ ಇದೊಂದೇ ಮಾಡುತ್ತದೆ. ಸಾಲದ್ದಕ್ಕೆ ಇದರೊಳಗೆ ಒಂದು ತುಂಡು ಚಾನೆಲ್‌ನಲ್ಲಿ ಹಿಂದೆ ಮುಂದೆ ಜಾರುತ್ತದೆ. ಅದಕ್ಕೇ ಹತ್ತಿರದ ಫೋಟೋದಲ್ಲಿ ಒಬ್ಬರಿಗೆ ಇದು ಸ್ಟೇ, ಇನ್ನೊಬ್ಬರಿಗೆ ಹಿಂಜ್, ಮತ್ತೊಬ್ಬರಿಗೆ ರೋಲರ್ ಟ್ರ್ಯಾಕ್.

ಆದ್ದರಿಂದ ಫೋಟೋ ಬಂದ ಕೂಡಲೇ ಮೊದಲ ಪ್ರಶ್ನೆ: ಶಟರ್ ಹೊರಗೆ ತೆರೆಯುತ್ತದಾ, ಬದಿಗೆ ಜಾರುತ್ತದಾ? ಈ ಒಂದು ಉತ್ತರಕ್ಕೆ ಅರ್ಧ ಗೊಂದಲ ಕಳೆಯುತ್ತದೆ.

ಮಲ್ಪೆಯ ಒಂದು ಕಿಟಕಿ

ಒಂದು ಉದಾಹರಣೆ ಪೂರ್ತಿ ನೋಡೋಣ. ಮನೆ ಮಲ್ಪೆಯಲ್ಲಿ, ಸಮುದ್ರಕ್ಕೆ ಹತ್ತಿರ. ಮನೆಯಲ್ಲಿ ಅಮ್ಮ ಒಬ್ಬರೇ, ಮಗ ದುಬೈಯಲ್ಲಿ. ಅಮ್ಮ ತೆಗೆದ ಫೋಟೋವನ್ನು ಮಗ ನನಗೆ ದಾಟಿಸಿದರು. ಜೊತೆಗೆ ಒಂದು ಸಂದೇಶ: "ಅಣ್ಣ, ಬೆಡ್‌ರೂಮ್ ಕಿಟಕಿಯ ರೋಲರ್ ಹೋಗಿದೆ. ಒಂದು ಜೊತೆ ಆನ್‌ಲೈನ್‌ನಲ್ಲಿ ತರಿಸ್ತೇನೆ, ಸೈಜ್ ಹೇಳಿ."

ಫೋಟೋದಲ್ಲಿ ಇದ್ದದ್ದು ಇಷ್ಟು. ಒಂದು ಸಪೂರ ಸ್ಟೀಲ್ ಚಾನೆಲ್. ಅದರೊಳಗೆ ಹಳದಿ ಬಣ್ಣದ ಒಂದು ಸಣ್ಣ ತುಂಡು, ಅದರ ಮೇಲೆ ಸೀಳಿದ ತಲೆಯ ಸ್ಕ್ರೂ. ಪಕ್ಕದಲ್ಲಿ ಕತ್ತರಿಯ ಹಾಗೆ ಒಂದರ ಮೇಲೊಂದು ಬಂದಿರುವ ಎರಡು ಪಟ್ಟಿ, ಅವು ಸೇರುವಲ್ಲಿ ಉರುಟು ರಿವೆಟ್. ರಿವೆಟ್ ಸುತ್ತ ಕಂದು ಕಲೆ.

ಚಾನೆಲ್ ಇದೆ, ಅದರಲ್ಲಿ ಜಾರುವ ತುಂಡು ಇದೆ, ಹಾಗಾದರೆ ರೋಲರ್ ಅಂತ ಮಗ ಅಂದುಕೊಂಡಿದ್ದರು. ಆದರೆ ಆ ತುಂಡಿನಲ್ಲಿ ಚಕ್ರವೇ ಇಲ್ಲ. ರೋಲರ್ ಅಂದಮೇಲೆ ಚಕ್ರ ಇರಬೇಕು, ಚಕ್ರದ ನಡುವೆ ಅಚ್ಚು ಇರಬೇಕು. ಇನ್ನೊಂದು ವಿಷಯ, ರೋಲರ್ ಇರುವುದು ಶಟರ್‌ನ ಅಡಿಪಟ್ಟಿಯ ಒಳಗೆ. ಶಟರ್ ಎತ್ತಿ ತೆಗೆಯದೆ ಅದು ಚೆನ್ನಾಗಿ ಕಾಣುವುದಿಲ್ಲ. ಸುಮ್ನೆ ಕಿಟಕಿ ತೆರೆದು ತೆಗೆದ ಫೋಟೋದಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿದೆ ಎಂದರೆ ಅದು ರೋಲರ್ ಆಗಿರುವ ಸಾಧ್ಯತೆ ತೀರಾ ಕಡಿಮೆ.

ಹಳದಿ ತುಂಡನ್ನು ಶೂ ಅನ್ನುತ್ತಾರೆ. ಹಿತ್ತಾಳೆಯದ್ದು ಇರುತ್ತದೆ, ಪ್ಲಾಸ್ಟಿಕ್ಕಿನದ್ದೂ ಇರುತ್ತದೆ. ಅದು ಚಾನೆಲ್ ಒಳಗೆ ಬಿಗಿಯಾಗಿ ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜುವಿಕೆಯಿಂದಲೇ ಶಟರ್ ತೆರೆದಲ್ಲಿ ನಿಲ್ಲುತ್ತದೆ. ಮೇಲಿನ ಸ್ಕ್ರೂ ಆ ಬಿಗಿಯನ್ನು ಹೆಚ್ಚು ಕಡಿಮೆ ಮಾಡಲಿಕ್ಕೆ. ಚಾನೆಲ್, ಶೂ, ರಿವೆಟ್ ಹಾಕಿದ ಪಟ್ಟಿಗಳು, ಈ ಮೂರು ಒಟ್ಟಿಗೆ ಕಂಡರೆ ಅದು ಫ್ರಿಕ್ಷನ್ ಹಿಂಜ್.

ಖಾತ್ರಿ ಮಾಡಿಕೊಳ್ಳಲು ಅಮ್ಮನಿಗೇ ಫೋನ್ ಮಾಡಿದೆ.

"ಅಮ್ಮ, ಕಿಟಕಿ ಹೊರಗೆ ತೆರೀತದಾ, ಬದಿಗೆ ಜಾರ್ತದಾ?"

"ಹೊರಗೆ ದೂಡುದು ಮಾರಾಯ. ದೂಡ್ಲಿಕ್ಕೆ ಆಗ್ತದೆ. ವಾಪಸ್ ಎಳೆಯುವಾಗ ಅಡಿ ತಾಗ್ತದೆ, ಸ್ವಲ್ಪ ಎತ್ತಿ ಎಳೀಬೇಕು."

"ಯಾವ ಬದಿ ತಾಗುದು? ಹ್ಯಾಂಡಲ್ ಇರುವ ಬದಿಯಾ?"

"ಹೌದು, ಹ್ಯಾಂಡಲ್‌ನ ಕೆಳಗೇ."

ಆನ್‌ಲೈನ್ ಆರ್ಡರ್ ಅಲ್ಲಿಗೆ ನಿಂತಿತು.

ಇನ್ನು ಎರಡು ಫೋಟೋ ಬೇಕು

ಹೆಸರು ಸಿಕ್ಕಿದರೆ ಸಾಲದು. ಫ್ರಿಕ್ಷನ್ ಹಿಂಜ್‌ನಲ್ಲೂ ಎರಡು ಬಗೆ. ಬಾಗಿಲಿನ ಹಾಗೆ ಬದಿಯಿಂದ ತೆರೆಯುವ ಶಟರ್‌ಗೆ ಒಂದು, ಕೆಳಭಾಗ ಹೊರಗೆ ದೂಡಿ ತೆರೆಯುವ ಶಟರ್‌ಗೆ ಇನ್ನೊಂದು. ಎರಡನೆಯದು ಬಾತ್‌ರೂಮ್‌ಗಳಲ್ಲಿ, ಫ್ಲ್ಯಾಟ್‌ಗಳ ಮೆಟ್ಟಿಲಿನ ಬಳಿ ಕಾಣುತ್ತದೆ. ಹತ್ತಿರದ ಫೋಟೋದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ಆದರೆ ಕೂರಿಸುವ ಜಾಗ ಬೇರೆ. ಬದಿಯಿಂದ ತೆರೆಯುವುದಕ್ಕೆ ಫ್ರೇಮಿನ ಮೇಲೊಂದು, ಕೆಳಗೊಂದು ಅಡ್ಡಲಾಗಿ ಇರುತ್ತದೆ. ಕೆಳಗಿನಿಂದ ದೂಡುವುದಕ್ಕೆ ಎಡಬದಿಗೊಂದು, ಬಲಬದಿಗೊಂದು ನೆಟ್ಟಗೆ ಇರುತ್ತದೆ. ಪಟ್ಟಿಗಳ ಉದ್ದ, ಎಷ್ಟು ಕೋನಕ್ಕೆ ತೆರೆಯುತ್ತದೆ, ಭಾರ ಯಾವ ಕಡೆಗೆ ಬೀಳುತ್ತದೆ, ಎಲ್ಲ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬಾರದು.

ಹಾಗಾಗಿ ಎರಡನೇ ಫೋಟೋ ದೂರದಿಂದ ಬೇಕು. ಕೋಣೆಯ ನಡುವೆ ನಿಂತು, ಶಟರ್ ಅರ್ಧ ತೆರೆದು, ಇಡೀ ಕಿಟಕಿ ಕಾಣುವ ಹಾಗೆ. ಫೋಟೋ ಚಂದ ಇರಬೇಕೆಂದಿಲ್ಲ. ಬೆಳಕಿಗೆ ಎದುರಾಗಿ ಕಪ್ಪಾಗಿ ಬಂದರೂ ಪರವಾಗಿಲ್ಲ, ಹಿಂಜ್ ಯಾವ ಬದಿಗಿದೆ ಅಂತ ತಿಳಿದರೆ ಸಾಕು.

ಈ ಫೋಟೋದಲ್ಲಿ ಇನ್ನೂ ಒಂದನ್ನು ನೋಡಿಕೊಳ್ಳಬೇಕು. ಶಟರ್‌ನ ಉದ್ದಬದಿಯಲ್ಲಿ ಸಾಮಾನ್ಯ ಹಿಂಜ್‌ಗಳು ಕಾಣುತ್ತಿವೆಯಾ? ಕಂಡರೆ ಕಥೆ ಬದಲಾಗುತ್ತದೆ. ಕೆಲವು ಕಿಟಕಿಗಳಲ್ಲಿ ಭಾರ ಹೊರಲು ಸಾಮಾನ್ಯ ಹಿಂಜ್ ಇಟ್ಟು, ಗಾಳಿಗೆ ಬಡಿಯದಿರಲೆಂದು ಒಂದೇ ಒಂದು ತೋಳಿನ ಪಟ್ಟಿಯನ್ನು ಚಾನೆಲ್ ಸಮೇತ ಕೂರಿಸಿರುತ್ತಾರೆ. ಹತ್ತಿರದ ಫೋಟೋದಲ್ಲಿ ಅದು ಫ್ರಿಕ್ಷನ್ ಹಿಂಜ್‌ನಂತೆಯೇ ಕಾಣುತ್ತದೆ. ಆದರೆ ಅದು ಬರೀ ತಡೆಯುವ ತೋಳು. ಅಂಥ ಕಿಟಕಿಯ ಶಟರ್ ಜೋತು ಬಿದ್ದಿದ್ದರೆ ತಪ್ಪು ತೋಳಿನದ್ದಲ್ಲ, ಬದಿಯ ಹಿಂಜ್‌ನದ್ದು.

ಮಲ್ಪೆಯ ಕಿಟಕಿಯಲ್ಲಿ ಬದಿಯ ಹಿಂಜ್ ಇರಲಿಲ್ಲ. ಫ್ರೇಮಿನ ಮೇಲೆ, ಕೆಳಗೆ ಅಡ್ಡಲಾಗಿ ಎರಡು ಚಾನೆಲ್. ಬದಿಯಿಂದ ತೆರೆಯುವ ಫ್ರಿಕ್ಷನ್ ಹಿಂಜ್ ಅಂತ ಇಲ್ಲಿಗೆ ಖಚಿತವಾಯಿತು.

ಮೂರನೇ ಫೋಟೋ ಅಳತೆಗೆ. ಹತ್ತಿರದ ಫೋಟೋದಲ್ಲಿ ಗಾತ್ರ ಗೊತ್ತಾಗುವುದೇ ಇಲ್ಲ. 8 ಇಂಚಿನದ್ದೂ 16 ಇಂಚಿನದ್ದೂ ಒಂದೇ ಥರ ಕಾಣುತ್ತದೆ. ಪಕ್ಕದಲ್ಲಿ ಒಂದು 10 ರೂಪಾಯಿ ನಾಣ್ಯ ಇಟ್ಟು ತೆಗೆಯಲು ಹೇಳಿ. ಅದರ ಅಡ್ಡಗಲ 27 ಮಿ.ಮೀ. ಕೆಲವರು ಎಟಿಎಂ ಕಾರ್ಡ್ ಇಟ್ಟು ಫೋಟೋ ಕಳಿಸುತ್ತಾರೆ, ನಂಬರ್ ಸಮೇತ! ದಯವಿಟ್ಟು ಹಾಗೆ ಮಾಡಬೇಡಿ.

ನಾಣ್ಯ ಚಾನೆಲ್‌ನ ಮಟ್ಟಕ್ಕೇ ಇರಬೇಕು, ಅದಕ್ಕೆ ತಾಗಿಕೊಂಡು. ಫೋನನ್ನು ಹಿಂಜ್‌ಗೆ ತಾಗುವಷ್ಟು ಹತ್ತಿರ ಒಯ್ದರೆ ಫೋನಿಗೆ ಹತ್ತಿರ ಇದ್ದದ್ದು ದೊಡ್ಡದಾಗಿ, ದೂರ ಇದ್ದದ್ದು ಸಣ್ಣದಾಗಿ ಬಂದು ಅಳತೆ ಕೆಡುತ್ತದೆ. ಒಂದಡಿಗಿಂತ ಸ್ವಲ್ಪ ಜಾಸ್ತಿ ದೂರ ಹಿಡಿದು, ಎರಡು ಪಟ್ಟು ಝೂಮ್ ಮಾಡಿ, ನೇರ ಎದುರಿನಿಂದ ತೆಗೆಯುವುದು ಒಳ್ಳೆಯದು. ಫ್ಲ್ಯಾಶ್ ಬೇಡ. ಸ್ಟೀಲ್ ಮೇಲೆ ಫ್ಲ್ಯಾಶ್ ಬಿದ್ದರೆ ರಿವೆಟ್ ಇದ್ದಲ್ಲಿ ಬರೀ ಬಿಳಿ ಚುಕ್ಕೆ ಉಳಿಯುತ್ತದೆ. ಬದಿಯಿಂದ ಟಾರ್ಚ್ ಬಿಟ್ಟರೆ ತೂತು, ಸವೆತ, ಬಿರುಕು ಎಲ್ಲ ನೆರಳಿನಲ್ಲಿ ಎದ್ದು ಕಾಣುತ್ತವೆ.

ಪಕ್ಕದ ಮನೆಯ ಹುಡುಗ ಈ ಫೋಟೋ ತೆಗೆದು ಕಳಿಸಿದ. ಫೋನಿನ ಪರದೆಯ ಮೇಲೆ ಸ್ಕೇಲ್ ಇಟ್ಟು ನೋಡಿದರೆ ನಾಣ್ಯ 36 ಮಿ.ಮೀ., ಚಾನೆಲ್‌ನ ಅಗಲ 24 ಮಿ.ಮೀ. ಲೆಕ್ಕ ಸುಲಭ: 24 × 27 ÷ 36 = 18. ಚಾನೆಲ್ 18 ಮಿ.ಮೀ. ಅಗಲದ್ದು. ಪೇಟೆಯಲ್ಲಿ 18 ಮತ್ತು 22 ಮಿ.ಮೀ. ಅಗಲದವು ಸಿಗುತ್ತವೆ, ಹಾಗಾಗಿ ಇದು 18ರದ್ದೇ.

ಅಗಲಕ್ಕೆ ನಾಣ್ಯ ಸಾಕು, ಉದ್ದಕ್ಕೆ ಸಾಲದು. ಯಾಕೆಂದರೆ 27 ಮಿ.ಮೀ. ನಾಣ್ಯದಲ್ಲಿ 1 ಮಿ.ಮೀ. ತಪ್ಪಿದರೂ 300 ಮಿ.ಮೀ. ಉದ್ದದ ಪಟ್ಟಿಯಲ್ಲಿ ಅದು 11 ಮಿ.ಮೀ. ಆಗಿಬಿಡುತ್ತದೆ. ಉದ್ದಕ್ಕೆ ಟೇಪ್ ಹಿಡಿಯಲೇಬೇಕು. ಅಳೆಯಬೇಕಾದದ್ದು ಫ್ರೇಮಿಗೆ ಕೂತಿರುವ ಚಾನೆಲ್ಲನ್ನು, ಒಂದು ತುದಿಯಿಂದ ಇನ್ನೊಂದು ತುದಿಗೆ. ಹೊರಗೆ ಚಾಚಿದ ತೋಳನ್ನಲ್ಲ. ಇಲ್ಲಿ ಅದು 305 ಮಿ.ಮೀ. ಹತ್ತಿರ ಬಂತು, ಅಂದರೆ 12 ಇಂಚಿನದ್ದು.

ದೋಷ ಎಲ್ಲಿದೆ?

ಹ್ಯಾಂಡಲ್ ಬದಿಯ ಮೂಲೆ ಕೆಳಗೆ ತಾಗುವುದಕ್ಕೆ ಕಾರಣ ಬೇರೆ ಬೇರೆ ಇರಬಹುದು. ಹಿಂಜ್‌ನ ಸ್ಕ್ರೂ ಸಡಿಲ, ರಿವೆಟ್ ಸವೆತ, ತುದಿಯ ಕ್ಯಾಪ್ ಒಡೆದಿರುವುದು, ಇಲ್ಲವೇ ಶಟರ್ ತಾನೇ ವಕ್ರವಾಗಿರುವುದು. ಮೊದಲ ಮೂರಕ್ಕೂ ಹಿಂಜ್‌ಗೂ ಸಂಬಂಧ ಇದೆ. ನಾಲ್ಕನೆಯದಕ್ಕೆ ಇಲ್ಲ. ಇದನ್ನು ಬೇರ್ಪಡಿಸದೆ ಹಿಂಜ್ ತಂದರೆ ದುಡ್ಡು ಹೋಗುತ್ತದೆ, ಕಿಟಕಿ ತಾಗುವುದು ನಿಲ್ಲುವುದಿಲ್ಲ.

ಪರೀಕ್ಷೆ ಹೀಗೆ. ಕೋಣೆಯ ಒಳಗೇ ನಿಂತು ಶಟರನ್ನು ಒಂದು ಗೇಣು ತೆರೆಯಿರಿ. ಹ್ಯಾಂಡಲ್ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿ, ಬಿಡಿ. ಹೊರಗೆ ಬಾಗಬೇಡಿ. ಇನ್ನೊಬ್ಬರು ಕೆಳಗಿನ ಹಿಂಜ್ ಮೇಲೆ ಕಣ್ಣಿಡಲಿ, ಸಾಧ್ಯವಾದರೆ ವೀಡಿಯೋ ಮಾಡಲಿ. ಎತ್ತುವಾಗ ಎಲ್ಲಿ ಅಲ್ಲಾಡುತ್ತದೆ ಎಂಬುದೇ ಉತ್ತರ. ಇಡೀ ಚಾನೆಲ್ ಫ್ರೇಮಿನಿಂದ ಏಳುತ್ತಿದ್ದರೆ ಸ್ಕ್ರೂ ಸಡಿಲ. ಚಾನೆಲ್ ಗಟ್ಟಿ ಇದ್ದು ಪಟ್ಟಿಗಳ ನಡುವೆ ಸಂದು ತೆರೆದು ಮುಚ್ಚುತ್ತಿದ್ದರೆ ರಿವೆಟ್ ಸವೆದಿದೆ. ಎಲ್ಲವೂ ಗಟ್ಟಿ ಇದ್ದೂ ಮೂಲೆ ತಾಗುತ್ತದೆ ಎಂದರೆ ಶಟರ್‌ನ ಚೌಕವೇ ಕೆಟ್ಟಿದೆ.

ಮಲ್ಪೆಯ ವೀಡಿಯೋದಲ್ಲಿ ಚಾನೆಲ್ ಅಲ್ಲಾಡಲಿಲ್ಲ. ಕಂದು ಕಲೆ ಇದ್ದ ರಿವೆಟ್‌ನಲ್ಲೇ ಪಟ್ಟಿ ಮೇಲೆ ಕೆಳಗೆ ಆಡುತ್ತಿತ್ತು. ಚಾನೆಲ್‌ನ ತುದಿಯಲ್ಲಿ ಇರಬೇಕಾದ ಪ್ಲಾಸ್ಟಿಕ್ ಕ್ಯಾಪ್ ಅರ್ಧ ಮುರಿದಿತ್ತು. ಈ ಕ್ಯಾಪ್ ಸಣ್ಣದು, ಆದರೆ ಸುಮ್ನೆ ಇಟ್ಟದ್ದಲ್ಲ. ಶಟರ್ ಮುಚ್ಚುವ ಕೊನೆಯ ಹಂತದಲ್ಲಿ ಪಟ್ಟಿಯ ಚೂಪು ತುದಿ ಇದರೊಳಗೆ ಹೋಗಿ ಕೂರುತ್ತದೆ, ಶಟರ್ ಸರಿಯಾದ ಮಟ್ಟಕ್ಕೆ ಬರುತ್ತದೆ. ಕ್ಯಾಪ್ ಇಲ್ಲದಿದ್ದರೆ ಪ್ರತಿ ಸಲ ಮುಚ್ಚುವಾಗಲೂ ಆ ಭಾರವನ್ನು ರಿವೆಟ್‌ಗಳೇ ತಿನ್ನುತ್ತವೆ.

ಕೆಳಗಿನ ಹಿಂಜ್ ಮಾತ್ರ ಇಷ್ಟು ಹಾಳಾಗಿ, ಮೇಲಿನದು ಹೆಚ್ಚು ಕಡಿಮೆ ಸರಿ ಇದ್ದದ್ದಕ್ಕೆ ಕಾರಣವೂ ಫೋಟೋದಲ್ಲಿತ್ತು. ಕೆಳಗಿನ ಚಾನೆಲ್‌ನಲ್ಲಿ ಒಣಗಿದ ಮಣ್ಣು, ಉಪ್ಪಿನ ಬಿಳಿ ಗೆರೆ. ನೀರು ಹೊರಹೋಗಲು ಫ್ರೇಮಿನ ಅಡಿಯಲ್ಲಿ ಇರುವ ತೂತುಗಳನ್ನು ಹುಡುಗನ ಹತ್ತಿರ ಹೊರಗಿನಿಂದ ನೋಡಿಸಿದೆವು. ಒಂದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಇನ್ನೊಂದನ್ನು ಪೇಂಟ್ ಮಾಡಿದವರು ಮುಚ್ಚಿಬಿಟ್ಟಿದ್ದರು. ಕಡಲ ಗಾಳಿಯ ಉಪ್ಪು, ಮಳೆಯ ನೀರು ಎರಡೂ ಅಲ್ಲೇ ನಿಂತರೆ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಲೆ ಕಟ್ಟುತ್ತದೆ, ಸಂದುಗಳಲ್ಲಿ ಕೊರೆಯುತ್ತದೆ. ತೂತು ಬಿಡಿಸದೆ ಹೊಸ ಹಿಂಜ್ ಹಾಕಿದ್ದರೆ ಅದಕ್ಕೂ ಇದೇ ಗತಿ.

ಹೊಸದು ತರುವಾಗ

ಮೇಲಿನದು ಸರಿ ಇದೆಯಲ್ಲ, ಕೆಳಗಿನದು ಮಾತ್ರ ಬದಲಿಸಿದರೆ ಆಗದಾ ಅಂತ ಮಗ ಕೇಳಿದರು. ಫ್ರಿಕ್ಷನ್ ಹಿಂಜ್ ಜೊತೆಯಾಗಿ ಬರುತ್ತದೆ, ಒಂದು ಎಡ, ಒಂದು ಬಲ. ಒಂದು ಇನ್ನೊಂದರ ಪ್ರತಿಬಿಂಬ. ಹಳೆಯದರ ತೋಳಿನ ಉದ್ದ, ರಿವೆಟ್‌ಗಳ ಅಂತರ ಹೊಸದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಹೊಂದಿದರೆ ಮಾತ್ರ ಎರಡೂ ಒಂದೇ ದಾರಿಯಲ್ಲಿ ತಿರುಗುತ್ತವೆ. ಇಲ್ಲದಿದ್ದರೆ ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಎಳೆದು ಶಟರ್ ತಿರುಚುತ್ತದೆ. ಆದ್ದರಿಂದ ಜೊತೆಯನ್ನೇ ಬದಲಿಸಬೇಕು.

ಫೋಟೋದಲ್ಲಿ ಸಿಗದ ಒಂದು ಅಳತೆ ಇದೆ, ಅದನ್ನು ಬಿಟ್ಟು ಆರ್ಡರ್ ಮಾಡಿದರೆ ತೊಂದರೆ. ಪೂರ್ತಿ ಮಡಚಿದಾಗ ಹಿಂಜ್‌ನ ದಪ್ಪ ಎಷ್ಟು ಅಂತ. ಯುಪಿವಿಸಿ ಕಿಟಕಿಗಳಲ್ಲಿ ಸಾಮಾನ್ಯವಾಗಿ 13 ಅಥವಾ 17 ಮಿ.ಮೀ. ಇರುತ್ತದೆ, ಅಲ್ಯೂಮಿನಿಯಂನಲ್ಲಿ ಸೆಕ್ಷನ್, ಅಂದರೆ ಫ್ರೇಮಿನ ಪಟ್ಟಿಯ ಆಕಾರ, ನೋಡಿ ಬದಲಾಗುತ್ತದೆ. ಶಟರ್ ಕೂರುವುದೇ ಕೆಳಗಿನ ಹಿಂಜ್ ಮೇಲೆ. 17 ಇದ್ದಲ್ಲಿ 13 ತಂದು ಹಾಕಿದರೆ ಶಟರ್ 4 ಮಿ.ಮೀ. ಕೆಳಗೆ ಇಳಿಯುತ್ತದೆ. ಅಂದರೆ ಹೊಸ ಹಿಂಜ್ ಹಾಕಿಯೂ ಹಳೇ ತೊಂದರೆಯೇ! 13 ಇದ್ದಲ್ಲಿ 17 ಹಾಕಲು ಹೋದರೆ ಶಟರ್ ಫ್ರೇಮಿನೊಳಗೆ ಹೋಗುವುದೇ ಇಲ್ಲ. ಈ ಅಳತೆಗೆ ಹಳೆಯದನ್ನು ಬಿಚ್ಚಿ, ಮಡಚಿ, ಚಪ್ಪಟೆ ಜಾಗದಲ್ಲಿಟ್ಟು ಅಳೆಯಬೇಕು. ನಾವು ಬಿಚ್ಚಿದ್ದು 13ರದ್ದು.

ಬಿಚ್ಚುವಾಗ ಜಾಗ್ರತೆ. ಶಟರ್ ಇಡೀ ನಿಂತಿರುವುದು ಈ ಎರಡು ಹಿಂಜ್ ಮೇಲೆ. ಸ್ಕ್ರೂ ತೆಗೆದ ಕೂಡಲೇ ಗಾಜಿನ ಸಮೇತ ಹೊರಗೆ ಬೀಳಬಹುದು. ಇಬ್ಬರು ಬೇಕು. ಒಬ್ಬರ ಕೆಲಸ ಶಟರ್ ಹಿಡಿಯುವುದು ಮಾತ್ರ. ಮಹಡಿಯ ಮೇಲಿನ ಕಿಟಕಿಯಾದರೆ ಗೊತ್ತಿದ್ದವರನ್ನೇ ಕರೆಸಿ, ಕೆಳಗೆ ಯಾರೂ ಓಡಾಡದಂತೆ ನೋಡಿಕೊಳ್ಳಿ.

ಹಳೇ ಸ್ಕ್ರೂ ತೆಗೆದಾಗ ಸುತ್ತ ಬಿಳಿ ಪುಡಿ ಉದುರಿದರೆ ಅದು ಅಲ್ಯೂಮಿನಿಯಂ ಕರಗಿದ ಗುರುತು. ಸತುವಿನ ಲೇಪ ಇರುವ ಸಾದಾ ಕಬ್ಬಿಣದ ಸ್ಕ್ರೂ ಹಾಕಿದ್ದರೆ ಮೊದಲು ಲೇಪ ಹೋಗುತ್ತದೆ, ಆಮೇಲೆ ಸ್ಕ್ರೂವಿನ ತುಕ್ಕು, ತೂತಿನ ಸುತ್ತ ಬಿಳಿ ಪುಡಿ ಎರಡೂ ಒಟ್ಟಿಗೆ ಬೆಳೆಯುತ್ತವೆ. ತೂತು ದೊಡ್ಡದಾಗಿದ್ದರೆ ಸ್ವಲ್ಪ ದಪ್ಪದ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಆದರೆ ತಲೆ ಮೊದಲಿನಷ್ಟೇ ಚಪ್ಪಟೆ ಇರಬೇಕು. ತಲೆ ಎದ್ದು ನಿಂತರೆ ಮಡಚುವಾಗ ಪಟ್ಟಿ ಅದಕ್ಕೆ ತಾಗಿ ಶಟರ್ ಪೂರ್ತಿ ಮುಚ್ಚುವುದಿಲ್ಲ. ಹೊಸ ಹಿಂಜ್ ಹಾಕಿದ ದಿನವೇ "ಸರಿ ಮುಚ್ಚುದಿಲ್ಲ" ಅನ್ನುವ ಕರೆ ಬಂದರೆ ಮೊದಲು ನೋಡಬೇಕಾದದ್ದು ಈ ಸ್ಕ್ರೂ ತಲೆಗಳನ್ನು.

ಕೂರಿಸಿದ ಮೇಲೆ ಶೂವಿನ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ, ತೆರೆದು ನೋಡಿ, ಮತ್ತೆ ಬೇಕಿದ್ದರೆ ಇನ್ನೊಂದು ಕಾಲು ಸುತ್ತು. ಮೇಲಿನದು ಕೆಳಗಿನದು ಎರಡಕ್ಕೂ ಸಮನಾಗಿ. ಗಾಳಿಗೆ ಶಟರ್ ತಾನಾಗಿ ಚಲಿಸಬಾರದು, ಕೈಯಲ್ಲಿ ದೂಡಿದರೆ ಸುಲಭಕ್ಕೆ ಹೋಗಬೇಕು. ರಿವೆಟ್‌ಗಳಿಗೆ ಒಂದೊಂದು ಹನಿ ಎಣ್ಣೆ ಹಾಕಬಹುದು. ಶೂವಿಗೆ, ಚಾನೆಲ್‌ಗೆ ಗ್ರೀಸ್ ಬಳಿಯಬೇಡಿ. ಉಜ್ಜುವಿಕೆ ಹೋದರೆ ಶಟರ್ ನಿಲ್ಲುವುದಿಲ್ಲ, ಜೊತೆಗೆ ಗ್ರೀಸ್‌ಗೆ ಮರಳು ಅಂಟಿ ಸವೆತ ಜಾಸ್ತಿಯಾಗುತ್ತದೆ.

ಹಿಂಜ್ ಗಟ್ಟಿ ಇದ್ದೂ ತಾಗಿದರೆ

ಮೇಲೆ ಹೇಳಿದ ನಾಲ್ಕನೇ ಕಾರಣಕ್ಕೆ ಬರೋಣ. ಹಿಂಜ್ ಗಟ್ಟಿ, ಸ್ಕ್ರೂ ಗಟ್ಟಿ, ಆದರೂ ಮೂಲೆ ತಾಗುತ್ತದೆ. ಶಟರ್‌ನ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ, ಅಂದರೆ ಮೂಲೆಯಿಂದ ಎದುರು ಮೂಲೆಗೆ. ಎರಡೂ ಒಂದೇ ಇರಬೇಕು. ಕೆಲವು ಮಿ.ಮೀ. ವ್ಯತ್ಯಾಸ ಬಂದರೆ ಶಟರ್ ಚೌಕ ತಪ್ಪಿದೆ.

ಶಟರ್‌ನಲ್ಲಿ ಗಾಜು ಸುಮ್ನೆ ತುಂಬಿಸಿಟ್ಟದ್ದಲ್ಲ. ಗಾಜಿನ ಅಂಚಿಗೂ ಶಟರ್ ಪಟ್ಟಿಗೂ ನಡುವೆ ಸಣ್ಣ ಪ್ಲಾಸ್ಟಿಕ್ ತುಂಡುಗಳಿರುತ್ತವೆ, ಪ್ಯಾಕರ್ ಅನ್ನುತ್ತಾರೆ. ಬದಿಯಿಂದ ತೆರೆಯುವ ಶಟರ್‌ನಲ್ಲಿ ಹಿಂಜ್ ಬದಿಯ ಕೆಳಮೂಲೆಯಲ್ಲಿ ಒಂದು, ಅದಕ್ಕೆ ಎದುರಾಗಿ ಹ್ಯಾಂಡಲ್ ಬದಿಯ ಮೇಲ್ಮೂಲೆಯಲ್ಲಿ ಒಂದು ಇರಲೇಬೇಕು. ಆಗ ಗಾಜೇ ಶಟರನ್ನು ಓರೆಯಾಗಿ ಎತ್ತಿ ಹಿಡಿಯುತ್ತದೆ. ಆ ತುಂಡು ಜಾರಿ ಬಿದ್ದರೆ, ಅಥವಾ ಗಾಜು ಬದಲಿಸಿದವರು ಹಾಕಲು ಮರೆತರೆ, ಹ್ಯಾಂಡಲ್ ಬದಿ ನಿಧಾನಕ್ಕೆ ಜೋಲುತ್ತದೆ. ಗಾಜು ಬದಲಿಸಿದ ಮೇಲೆ ಶುರುವಾದ ತೊಂದರೆ ಎಂದರೆ ನನ್ನ ಸಂಶಯ ಮೊದಲು ಇದರ ಮೇಲೆ. ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿ ತೆಗೆದು ಪ್ಯಾಕರ್ ಕೂರಿಸಿದರೆ ಆಯಿತು, ಹಿಂಜ್ ಬೇಡ.

ಮರದ ಕಿಟಕಿಯ ಸ್ಟೇ

ಇದರ ಬಗ್ಗೆ ಹೇಳಲು ಕಡಿಮೆ. ಹಲಸು, ಸಾಗುವಾನಿಯ ಹಳೇ ಕಿಟಕಿಗಳ ಫೋಟೋದಲ್ಲಿ ಸಾಲಾಗಿ ತೂತು ಇರುವ ಒಂದು ಉದ್ದ ಪಟ್ಟಿ, ದಾರಂದದ ಮೇಲೆ ಎದ್ದು ನಿಂತ ಸಣ್ಣ ಗೂಟ ಕಂಡರೆ ಅದು ಗೂಟದ ಸ್ಟೇ. ತೂತಿನ ಬದಲು ಒಂದು ಸರಳು, ಅದನ್ನು ಬಿಗಿ ಹಿಡಿಯುವ ತಿರುಪು ಕಂಡರೆ ತಿರುಪಿನ ಸ್ಟೇ. ಚಾನೆಲ್ ಇಲ್ಲ, ಶೂ ಇಲ್ಲ. ಬದಲಿಸುವಾಗ ಪಟ್ಟಿಯ ಉದ್ದದ ಜೊತೆ ಗೂಟದ ದಪ್ಪವನ್ನೂ ಅಳೆಯಿರಿ. ಗೂಟ ಹಳೆಯದು, ಪಟ್ಟಿ ಹೊಸದು ಎಂದಾದರೆ ತೂತಿಗೆ ಗೂಟ ಹೋಗದಿರುವುದೇ ಜಾಸ್ತಿ.

ಜೂನ್, ಜುಲೈಯಲ್ಲಿ ಮರ ಉಬ್ಬಿ ಶಟರ್ ತಾಗುವುದು ಬೇರೆ ವಿಷಯ. ಅದಕ್ಕೆ ಸ್ಟೇ ಬದಲಿಸಿ ಪ್ರಯೋಜನ ಇಲ್ಲ. ಮಳೆಗಾಲದಲ್ಲೇ ಕೀಸುಳಿ ಹೊಡೆಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಸ್ವಲ್ಪ ಕಾದು ನೋಡಿ.

ರೋಲರ್ ಆದರೆ

ಜಾರುವ ಕಿಟಕಿ ಭಾರವಾಗಿದೆ ಅಂದಾಗ ನಾನು ಮೊದಲು ಕೇಳುವುದು ರೋಲರ್ ಫೋಟೋ ಅಲ್ಲ, ಟ್ರ್ಯಾಕ್ ಫೋಟೋ. ಪಣಂಬೂರು, ಉಳ್ಳಾಲ, ಮಲ್ಪೆ ಕಡೆ ಟ್ರ್ಯಾಕ್‌ನಲ್ಲಿ ಮರಳು ಇದ್ದೇ ಇರುತ್ತದೆ. ಬ್ರಷ್‌ನಿಂದ ಗುಡಿಸಿ, ಒರೆಸಿ, ಮತ್ತೆ ಜಾರಿಸಿ ನೋಡಿ. ಹಗುರವಾದರೆ ಕೆಲಸ ಮುಗಿಯಿತು. ಟ್ರ್ಯಾಕ್‌ನಲ್ಲಿ ಚಕ್ರ ಉರುಳುವ ಏಣೇ ನೆಗ್ಗಿ ಹೋಗಿದ್ದರೆ ಎಷ್ಟು ಒಳ್ಳೆಯ ರೋಲರ್ ಹಾಕಿದರೂ ಕೆಲವೇ ಸಮಯದಲ್ಲಿ ಅದರ ಚಕ್ರವೂ ಕೆಡುತ್ತದೆ.

ಸ್ವಚ್ಛ ಮಾಡಿಯೂ ಭಾರವಾಗಿದ್ದರೆ ಶಟರ್ ತೆಗೆಯಬೇಕು. ಮೇಲಕ್ಕೆ ಎತ್ತಿ, ಅಡಿಯನ್ನು ಒಳಕ್ಕೆ ಎಳೆದರೆ ಬರುತ್ತದೆ. ಇಲ್ಲೂ ಇಬ್ಬರು ಇರಲಿ. ಫೋಟೋ ಎರಡು ಸಾಕು. ಒಂದು ಅಡಿಯಿಂದ, ಚಕ್ರ ಒಂದಾ ಎರಡಾ ಅಂತ ಕಾಣುವ ಹಾಗೆ. ಇನ್ನೊಂದು ಚಕ್ರದ ಅಂಚಿಗೆ ನೇರವಾಗಿ, ಅದು ಯಾವ ಆಕಾರದ್ದು ಅಂತ ತಿಳಿಯುವ ಹಾಗೆ. ಅಂಚಿನಲ್ಲಿ ಉರುಟು ತೋಡು ಇದೆಯಾ, ಚೂಪು ತೋಡು ಇದೆಯಾ, ಇಲ್ಲ ಚಪ್ಪಟೆಯಾ? ಟ್ರ್ಯಾಕ್‌ನ ಏಣು ಉರುಟಾಗಿದ್ದು ಚಪ್ಪಟೆ ಚಕ್ರ ಹಾಕಿದರೆ ಶಟರ್ ಓಲಾಡುತ್ತದೆ, ಟ್ರ್ಯಾಕ್ ತಪ್ಪುತ್ತದೆ. ಎರಡನೇ ಫೋಟೋ ಇಲ್ಲದೆ ರೋಲರ್ ತರುವುದು ಬೇಡ.

ಗೂಡಿನ ಅಗಲ ಮತ್ತು ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಚಕ್ರ ಕೂತಿರುವ ಪೆಟ್ಟಿಗೆಯನ್ನೇ ಗೂಡು ಅಂದದ್ದು. ಮೂರು ಟ್ರ್ಯಾಕಿನ ಕಿಟಕಿಯಾದರೆ ಯಾವ ಶಟರ್‌ನದ್ದು ಅಂತಲೂ ಹೇಳಬೇಕು. ಸೊಳ್ಳೆ ಪರದೆಯ ಶಟರ್ ಹಗುರ, ಅದರ ರೋಲರ್ ಗಾಜಿನ ಶಟರ್‌ನ ಭಾರ ತಡೆಯಬೇಕೆಂದಿಲ್ಲ.

ಇನ್ನು ಶಟರ್‌ನ ಒಂದು ಮೂಲೆ ಮಾತ್ರ ಕೆಳಗೆ ಉಜ್ಜುತ್ತಿದ್ದರೆ, ಚಕ್ರ ಉರುಳುತ್ತಿದ್ದರೆ, ರೋಲರ್ ಹಾಳಾಗಿಲ್ಲದಿರಬಹುದು. ಕೆಲವು ಶಟರ್‌ಗಳ ಅಡಿಪಟ್ಟಿಯ ತುದಿಯಲ್ಲಿ, ಸಣ್ಣ ಮುಚ್ಚಳದ ಹಿಂದೆ, ಒಂದು ಸ್ಕ್ರೂ ಇರುತ್ತದೆ. ಶಟರ್‌ನ ಭಾರವನ್ನು ಸ್ವಲ್ಪ ಎತ್ತಿ ಹಿಡಿದು ಅದನ್ನು ತಿರುಗಿಸಿದರೆ ಆ ಬದಿ ಏರುತ್ತದೆ.

ಸ್ಟೀಲ್ ಯಾವುದು ಅಂತ ಫೋಟೋ ಹೇಳುವುದಿಲ್ಲ

ಮಗ ಕೊನೆಗೆ ಕೇಳಿದ್ದು: "ಅಣ್ಣ, ಫೋಟೋದಲ್ಲಿ ಇರುವುದು 304ಆ, ಡೂಪ್ಲಿಕೇಟಾ?" 304 ಅಂದರೆ ಸ್ಟೇನ್‌ಲೆಸ್ ಸ್ಟೀಲ್‌ನ ಒಂದು ಗ್ರೇಡ್. ಅದು ಹೌದೋ ಅಲ್ಲವೋ ಅಂತ ಫೋಟೋ ನೋಡಿ ಯಾರಿಗೂ ಹೇಳಲಾಗುವುದಿಲ್ಲ. ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು ನೋಡುವವರಿದ್ದಾರೆ. ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿದರೆ ಅದು 304 ಅಲ್ಲ ಅಂತ ಹೇಳಬಹುದು. ಆದರೆ ಅಂಟದಿದ್ದರೆ 304 ಅಂತ ಹೇಳಲು ಬರುವುದಿಲ್ಲ. ಕಡಿಮೆ ಬೆಲೆಯ 202 ಸ್ಟೀಲ್‌ಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಕರಾವಳಿಯಲ್ಲಿ ಬೇಗ ತುಕ್ಕು ಹಿಡಿಯುವುದು ಅದೇ. ಇನ್ನೊಂದು ಕಡೆ, ಅಸಲಿ 304ರಲ್ಲೂ ಬಗ್ಗಿಸಿದ, ಒತ್ತಿದ ಜಾಗಗಳಲ್ಲಿ ಮ್ಯಾಗ್ನೆಟ್ ಸ್ವಲ್ಪ ಹಿಡಿಯುತ್ತದೆ.

ಹಾಗಾಗಿ ಬಿಲ್‌ನಲ್ಲಿ ಗ್ರೇಡ್ ಬರೆಸಿಕೊಳ್ಳುವುದೇ ದಾರಿ. ಕಡಲಿಗೆ ಇಷ್ಟು ಹತ್ತಿರದ ಮನೆಗೆ 316 ಸಿಕ್ಕಿದರೆ ಒಳ್ಳೆಯದು. ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪನ್ನು ಜಾಸ್ತಿ ತಡೆಯುತ್ತದೆ. ಆ ಮನೆಗೆ ನಾವು ಹಾಕಿದ್ದು 304ರ ಹಿಂಜ್, ಸಿಕ್ಕಿದ್ದು ಅದೇ. ಸ್ಕ್ರೂಗಳು ಮಾತ್ರ 316. ನೀರಿನ ತೂತುಗಳನ್ನು ಹುಡುಗನ ಹತ್ತಿರ ತಂತಿಯಲ್ಲಿ ಬಿಡಿಸಿದೆವು. ವಾರಕ್ಕೊಮ್ಮೆ ಕೆಳಗಿನ ಚಾನೆಲ್‌ಗೆ ಒಂದು ಚೊಂಬು ಸಿಹಿನೀರು ಹೊಯ್ಯಲು ಅಮ್ಮನಿಗೆ ಹೇಳಿದೆ. "ಅಷ್ಟೇ ಸಾಕಾ? ಗಿಡಕ್ಕೆ ಹೊಯ್ಯುವಾಗ ಅದಕ್ಕೂ ಹೊಯ್ತೇನೆ" ಅಂದರು.